ಚೀಟಿ ನಾಗಮ್ಮಾಳ್ ಬಾಯಿಗೆ ಬಿದ್ದ ಬೀಗ

ತಮಿಳು ಸೀಮೆಯ ತೇನಿ ಹತ್ತಿರದ ಕೊಂಬೈ ಊರಿನ ಬಾಲಮುರುಗನ್ ಡಾಕ್ಟರರ ಕ್ಲಿನಿಕ್ಕಿನಲ್ಲಿ ಕಾಯಿಲೆ ವಾಸಿಯಾಗುತ್ತಿದ್ದದ್ದು ಎರಡು ಕಡೆ. ಮೊದಲು ಹೊರಗಿನ ಜಗಲಿಯಲ್ಲಿ, ನಾಗಮ್ಮಾಳ್ ಕೈಯಲ್ಲಿ. ಆಮೇಲೆ, ಸಾಧ್ಯವಾದರೆ, ಒಳಗೆ ಡಾಕ್ಟರರ ಕೈಯಲ್ಲಿ.

ನಾಗಮ್ಮಾಳ್‌ಗೆ ಐವತ್ತನಾಲ್ಕು ವರ್ಷ. ಅದರಲ್ಲಿ ಇಪ್ಪತ್ಮೂರು ವರ್ಷ ಅದೇ ಜಗಲಿಯ ಅದೇ ಕಬ್ಬಿಣದ ಕುರ್ಚಿಯಲ್ಲಿ ಕೂತು ಚೀಟಿ ಹರಿದು ಕೊಟ್ಟವಳು. ಓದಿದ್ದು ಎಂಟನೆಯ ಕ್ಲಾಸು. ಗಂಟಲು ಮಾತ್ರ ಎಂ.ಡಿ. ಪಾಸಾದದ್ದು. ಕೆಮ್ಮುತ್ತ ಬಂದವರಿಗೆ, "ಒಂದೇ ಊಸಿ, ನಾಳೆ ಬೆಳಗ್ಗೆ ನೀ ತೋಟಕ್ಕೆ ಓಡ್ತಿ" ಎನ್ನುವಳು. ಊಸಿ ಅಂದರೆ ಇಂಜೆಕ್ಷನ್ನು. ಆ ಕಣಿವೆಯಲ್ಲಿ ಊಸಿ ಚುಚ್ಚದವನು ಡಾಕ್ಟರನೇ ಅಲ್ಲ. ಮಂಡಿ ಹಿಡಿದುಕೊಂಡು ಬಂದ ಮುದುಕಿಗೆ, "ನಮ್ಮಯ್ಯನ ಕೈರಾಸಿ, ಕೈಗುಣ, ನಿಂಗೆ ತಿಳೀದು ಅವ್ವಾ. ಮುಟ್ಟಿದ್ರ ಸಾಕು, ನೀ ಬೆಟ್ಟ ಹತ್ತಿ ಇಳೀತಿ" ಎನ್ನುವಳು. ಮುದುಕಿ ಅರ್ಧ ನೋವು ಜಗಲಿಯಲ್ಲೇ ಬಿಟ್ಟು ಒಳಗೆ ಹೋಗುವಳು.

ತೊಂದರೆ ಶುರುವಾಗುತ್ತಿದ್ದದ್ದು ಒಳಗೆ. ಡಾಕ್ಟರು ಮಂಡಿ ಒತ್ತಿ, ಮಡಿಸಿ, ಬಿಡಿಸಿ ನೋಡಿ, ಕನ್ನಡಕ ತೆಗೆದು ಒರೆಸುತ್ತ ಹೇಳುವರು: "ಸವೆದಿದೆ. ಎಷ್ಟು ಕಡಿಮೆ ಆಗ್ತದೆ ಅಂತ ಗೊತ್ತಿಲ್ಲ."

ಆ 'ಗೊತ್ತಿಲ್ಲ' ಅವರ ಬಾಯಲ್ಲಿ ದಿನಕ್ಕೆ ಮೂವತ್ತು ಸಲ ಬರುತ್ತಿತ್ತು. ಗೊತ್ತಿದ್ದರೆ ಗೊತ್ತು ಅನ್ನುವರು, ಇಲ್ಲದಿದ್ದರೆ ಗೊತ್ತಿಲ್ಲ ಅನ್ನುವರು. ಬೇಡದ ಊಸಿ ಚುಚ್ಚುವುದಿಲ್ಲ. ಮುದುಕಿ ಹೊರಗೆ ಬಂದು ನಾಗಮ್ಮಾಳ್ ಮುಖ ನೋಡುವಳು. ನಾಗಮ್ಮಾಳ್ ಆ ಹೊತ್ತಿಗೆ ಸರಿಯಾಗಿ ಚೀಟಿ ಎಣಿಸುತ್ತಿರುವಳು.

ಹೀಗೇ ನಡೆದಿತ್ತು. ಆಮೇಲೆ ಬಸ್ಸು ನಿಲ್ಲುವ ಜಾಗದ ಎದುರು ಹೊಸಬರು ಒಂದು ಆಸ್ಪತ್ರೆ ತೆರೆದರು. ಅವರ ಬಾಗಿಲಿಗಿಂತ ಅವರ ಫ್ಲೆಕ್ಸ್ ದೊಡ್ಡದು. ಬಿಳಿ ಕೋಟು ತೊಟ್ಟ ಒಬ್ಬಾತ ಎರಡಾಳು ಎತ್ತರ ನಿಂತು, ಇಡೀ ಊರನ್ನು ಅಳಿಯನ ಹಾಗೆ ನೋಡಿ ನಗುತ್ತಿದ್ದ. ಕೆಳಗೆ: 'ಸಕ್ಕರೆ ಕಾಯಿಲೆ ಬೇರುಸಹಿತ ಗುಣ. ಮಾತ್ರೆ ಬೇಡ. ನೂರಕ್ಕೆ ನೂರು ಗ್ಯಾರಂಟಿ.' ನಾಗಮ್ಮಾಳ್ ಅದನ್ನು ಓದಿ ಮೊದಲು ಸಿಟ್ಟಾದಳು, ಆಮೇಲೆ ಹೊಟ್ಟೆಕಿಚ್ಚುಪಟ್ಟಳು. ಇಪ್ಪತ್ಮೂರು ವರ್ಷ ತಾನು ಬಾಯಲ್ಲಿ ಹೇಳಿದ್ದನ್ನು ಈ ಜನ ಬಣ್ಣದಲ್ಲಿ ಹಾಕಿಬಿಟ್ಟಿದ್ದರು.

ದಿನಕ್ಕೆ ಅರವತ್ತು ಹರಿಯುತ್ತಿದ್ದ ಚೀಟಿ ನಲವತ್ತಾಯಿತು, ಮೂವತ್ತಾಯಿತು, ಕಾರ್ತಿಕದ ಹೊತ್ತಿಗೆ ಇಪ್ಪತ್ತೆರಡಕ್ಕೆ ನಿಂತಿತು. ಒಂದು ಮಧ್ಯಾಹ್ನ ಡಾಕ್ಟರು ಜಗಲಿಗೇ ಬಂದು, ಖಾಲಿ ಬೆಂಚಿನ ಮೇಲೆ ಕೂತರು.

"ನಾಗಮ್ಮಾ, ದಿಂಡಿಗಲ್ಲಿಂದ ಒಂದು ದೊಡ್ಡ ಆಸ್ಪತ್ರೆಯವರು ಕರೀತಿದಾರೆ. ಡ್ಯೂಟಿ ಡಾಕ್ಟರ್ ಕೆಲಸ. ತೈ ತಿಂಗಳವರೆಗೆ, ಪೊಂಗಲ್ ತನಕ, ನೋಡ್ತೀನಿ. ಜನ ಬರದಿದ್ರೆ ಇದನ್ನ ಮುಚ್ಚೋದು."

"ನಾನು?"

"ನಿಂಗೆ ಎಲ್ಲಾದ್ರೂ ಹೇಳಿ ಸೇರಿಸ್ತೀನಿ."

ಎಲ್ಲಾದರೂ ಅಂದರೆ ಎಲ್ಲಿ? ಯಾವುದೋ ಮೆಡಿಕಲ್ ಅಂಗಡಿಯಲ್ಲಿ ಡಬ್ಬಿ ಒರೆಸುವುದೋ? ಈ ಕುರ್ಚಿಯಲ್ಲಿ ಕೂತರೆ ಪಂಚಾಯ್ತಿ ಮೆಂಬರೂ ಅವಳ ಮುಂದೆ ಕೈಕಟ್ಟಿ, "ಅಕ್ಕಾ, ಎಷ್ಟನೇ ನಂಬರ್?" ಎಂದು ಕೇಳುತ್ತಿದ್ದ. ಗಂಡ ಸತ್ತ ಮೇಲೆ ಊರು ಅವಳನ್ನು ಮುಂಡೆ ಎಂದು ಕರೆಯದೆ ಚೀಟಿ ಅಕ್ಕಾ ಎಂದು ಕರೆದದ್ದು ಈ ಕುರ್ಚಿಯಿಂದ. ಅದನ್ನು ಬಿಟ್ಟುಕೊಡುವ ಜಾತಿಯವಳಲ್ಲ ಅವಳು. ಅವತ್ತೇ ದಿಂಡಿಗಲ್ಲಿಗೆ ಫೋನು ಹಚ್ಚಿದಳು.

ಫೋನು ಹೋದದ್ದು ಸತ್ಯಾಗೆ. ಡಾಕ್ಟರರ ತಮ್ಮನ ಮಗಳು. ದಿಂಡಿಗಲ್ಲಿನಲ್ಲಿ ಒಂದು ಕೋಣೆಯ ಆಫೀಸಿಟ್ಟು ಅಂಗಡಿ, ಮಿಲ್ಲು, ಚಿನ್ನಾಳಪಟ್ಟಿಯ ಸೀರೆಯವರಿಗೆಲ್ಲ ಹೆಸರು, ಬೋರ್ಡು, ಜಾಹೀರಾತು ಮಾಡಿಕೊಡುವವಳು. ಮನೆಮಾತು ಕನ್ನಡ. ಕೇಳಿದರೆ ಪೂರ್ತಿ ಅರ್ಥವಾಗುತ್ತದೆ. ಬಾಯಿ ತೆರೆದರೆ ಅರ್ಧ ತಮಿಳು.

"ಕಣ್ಣೂ, ಅವ್ರು ನೂರು ಪರ್ಸೆಂಟ್ ಹಾಕ್ಯಾರ" ಎಂದಳು ನಾಗಮ್ಮಾಳ್. "ನಾವು ಇನ್ನೂರು ಹಾಕಾಣ. ಡಾಕ್ಟರಯ್ಯನ ಫೋಟೋ ಮೂರಾಳು ಎತ್ತರ ಇರ್ಲಿ."

"ಅತ್ತೆ, ಮೊದಲು ಬಂದು ಪಾರ್ಕ್ತೀನಿ, ನೋಡ್ತೀನಿ" ಎಂದಳು ಸತ್ಯಾ.

ಬಂದಳು. ಎರಡು ದಿನ ಜಗಲಿಯ ಮೂಲೆಯಲ್ಲಿ ನೋಟುಬುಕ್ಕು ಹಿಡಿದು ಸುಮ್ಮನೆ ಕೂತಳು. ಹೊರಗೆ ಹೋಗುವವರನ್ನು ಗೇಟಿನ ಹತ್ತಿರ ತಡೆದು, ಹೆಸರು ಬರೆದುಕೊಳ್ಳದೆ, ಕಾಯಿಲೆ ಕೇಳದೆ, ಮೂರೇ ಪ್ರಶ್ನೆ: ಯಾಕೆ ಇಲ್ಲಿಗೆ ಬಂದಿರಿ, ಒಳಗೆ ಏನು ತಿಳಿಯಿತು, ಪಕ್ಕದ ಮನೆಯವರಿಗೆ ಏನು ಹೇಳುತ್ತೀರಿ. ನಾಗಮ್ಮಾಳ್‌ಗೆ ಇದು ಕೆಲಸ ಅನ್ನಿಸಲೇ ಇಲ್ಲ. ಫ್ಲೆಕ್ಸ್ ಮಾಡಲು ಬಂದವಳು ಜನಗಣತಿ ಮಾಡುತ್ತಿದ್ದಾಳಲ್ಲ ಎಂದು ಒಳಗೊಳಗೇ ಬೈದಳು. ಬೈಯುವುದು ಒಳಗೊಳಗೇ ಸಾಲದೆ ಕೊನೆಗೆ ಹೊರಗೂ ಬೈದಳು.

ಮೂರನೆಯ ದಿನ ಸತ್ಯಾ ಡಾಕ್ಟರರನ್ನೂ ನಾಗಮ್ಮಾಳನ್ನೂ ಎದುರು ಕೂರಿಸಿಕೊಂಡಳು.

"ಪೆರಿಯಪ್ಪಾ, ನಲವತ್ತೊಂದು ಪೇರು, ಅಷ್ಟು ಜನರ ಜೊತೆ ಮಾತಾಡಿದೆ. ಯಾರೂ ನಿಮ್ಮನ್ನ ಕೆಟ್ಟ ಡಾಕ್ಟರ್ ಅನ್ನಲ್ಲ. ಆದ್ರೆ ಮೋಸ ಹೋದ ಹಾಗೆ ಇರ್ತದೆ ಅಂತಾರೆ. ಏನಂದ್ರೆ, ಅತ್ತೆ ಹೊರಗೆ ಸೊಲ್ಲೋದು ಒಂದು, ನೀವು ಒಳಗೆ ಸೊಲ್ಲೋದು ಇನ್ನೊಂದು."

ಡಾಕ್ಟರು ನಿಧಾನವಾಗಿ ನಾಗಮ್ಮಾಳ್ ಕಡೆ ತಿರುಗಿದರು. "ಹೊರಗೆ ನೀ ಏನು ಹೇಳ್ತಿ?"

"ಧೈರ್ಯ ಹೇಳ್ತೀನಿ ಅಯ್ಯಾ."

"ಬೆಟ್ಟ ಹತ್ತಿ ಇಳೀತಿ ಅಂತ ಸೊನ್ನಾರೆ" ಎಂದಳು ಸತ್ಯಾ, ನೋಟುಬುಕ್ಕು ನೋಡಿ. "ಮೂರು ಮುದುಕಿಯರಿಗೆ."

ನಾಗಮ್ಮಾಳ್‌ಗೆ ಆ ನೋಟುಬುಕ್ಕನ್ನು ಒಲೆಗೆ ಹಾಕಬೇಕೆನಿಸಿತು.

ಸತ್ಯಾ ಬಿಡಿಸಿ ಹೇಳಿದಳು. ಡಾಕ್ಟರು ರೋಗಿಗಳನ್ನು ಕರೆಯಲು ಜಾಹೀರಾತು ಹಾಕುವಂತಿಲ್ಲ. ವೈದ್ಯರ ನಡತೆಯ ನಿಯಮ ಅದು. ಹೊರಗಿನ ಬೋರ್ಡಿನಲ್ಲಿ ಹೆಸರು, ಡಿಗ್ರಿ, ನೋಂದಣಿ ಸಂಖ್ಯೆ, ಅಷ್ಟರ ಮೇಲೆ ಬಣ್ಣ ಹಚ್ಚುವಂತಿಲ್ಲ. ಸಕ್ಕರೆ ಕಾಯಿಲೆ ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡುವುದನ್ನು ತಡೆಯುವುದಕ್ಕೆ ಹಳೆಯ ಕಾಯ್ದೆಯೇ ಇದೆ; ಅದರ ಪಟ್ಟಿಯಲ್ಲಿ ಆ ಕಾಯಿಲೆಯ ಹೆಸರು ಹಿಡಿದು ಬರೆದಿದ್ದಾರೆ. "ಎದುರಿನವರದು ಒಂದು ದಿನ ಅವರ ಕುತ್ತಿಗೆಗೇ ಬರ್ತದೆ. ನಾವು ಅದರ ಹಿಂದೆ ಓಡೋದು ಬೇಡ."

"ಹಂಗಾದ್ರ ನಾವು ಏನ್ ಬರೆಯಾಣ?" ನಾಗಮ್ಮಾಳ್ ಕೈ ಕೊಡವಿದಳು. "ಗೊತ್ತಿಲ್ಲ ಅಂತ ಬರೆಯಾಣಾ?"

ಸತ್ಯಾ ನಕ್ಕಳು. "ಊರು ಆಗಲೇ ಬರೆದಾಯ್ತು ಅತ್ತೆ. ನಲವತ್ತೊಂದರಲ್ಲಿ ಹತ್ತೊಂಬತ್ತು ಪೇರು ಇದನ್ನ ಗೊತ್ತಿಲ್ಲ ಡಾಕ್ಟರ್ ಮನೆ ಅಂದ್ರು. ಕೀಟಲೆ ಅಂತ ಅಂದ್ಕೊಂಡೆ. ತಂಗಮ್ಮಾಳ್ ಅವ್ವ ಬೇರೆ ಸೊನ್ನಾರು."

ತಂಗಮ್ಮಾಳ್ ಹೇಳಿದ್ದು ಇಷ್ಟು. ಎರಡು ವರ್ಷದ ಹಿಂದೆ ಅವಳ ಗಂಡನಿಗೆ ಎದೆ ಹಿಡಿದಾಗ ಡಾಕ್ಟರು, "ಏನಂತ ಇಲ್ಲಿ ಗೊತ್ತಾಗಲ್ಲ, ಒಂದು ನಿಮಿಷ ನಿಲ್ಲಬೇಡ" ಎಂದು ಕಾಗದ ಬರೆದು, ತಾವೇ ಆಂಬುಲೆನ್ಸಿಗೆ ಫೋನು ಮಾಡಿ ತೇನಿಯ ಸರ್ಕಾರಿ ಆಸ್ಪತ್ರೆಗೆ ಅಟ್ಟಿದ್ದರು. ಗಂಡ ಈಗಲೂ ಬೀಡಿ ಸೇದುತ್ತ ಬೈಸಿಕೊಳ್ಳುತ್ತಿದ್ದಾನೆ. "ಗೊತ್ತಿಲ್ಲ ಅನ್ನಾದಕ್ಕೂ ಒಂದು ಯೋಗ್ಯತೆ ಬೇಕು ಕಣಮ್ಮಾ. ಗೊತ್ತಿರಾನೊಬ್ಬ ಆಗಿದ್ರ ಇಟ್ಕಂಡು ಕೊಲ್ತಿದ್ದ" ಎಂದಿದ್ದಳು ಮುದುಕಿ.

"ಇದೇ ನಿಮ್ಮ ಸೊತ್ತು ಪೆರಿಯಪ್ಪಾ. ಹೊಸದಾಗಿ ಏನೂ ಕಟ್ಟೋದು ಬೇಡ. ಒಳಗೆ ಇರೋದನ್ನ ಹೊರಗೆ ಕಾಣೋ ಹಾಗೆ ಮಾಡೋಣ."

ಮಾಡಿದ್ದು ಸಣ್ಣಸಣ್ಣ ಕೆಲಸ. ಜಗಲಿಯ ಗೋಡೆಗೆ ಒಂದು ಪಟ್ಟಿ: ಫೀಸು ಇಷ್ಟು, ಡ್ರೆಸಿಂಗಿಗೆ ಇಷ್ಟು, ಸಕ್ಕರೆ ನೋಡಲು ಇಷ್ಟು. ಇನ್ನೊಂದು: ಡಾಕ್ಟರು ಇರುವ ಹೊತ್ತು, ಇರದ ದಿನ. ಮೂರನೆಯದು ಡಾಕ್ಟರರೇ ಬರೆದುಕೊಟ್ಟದ್ದು: ಇಲ್ಲಿ ಆಗದ ಕೆಲಸಗಳು, ಅವಕ್ಕೆ ಎಲ್ಲಿಗೆ ಹೋಗಬೇಕು. ಬೇರೆ ಕಡೆ ಕಳಿಸುವವರಿಗೆ ಒಂದು ಅಚ್ಚಿನ ಕಾಗದ: ಏನು ಕಂಡಿತು, ಏನು ಕೊಟ್ಟೆವು, ಯಾಕೆ ಕಳಿಸುತ್ತಿದ್ದೇವೆ, ಜೊತೆಗೆ ಏನು ಒಯ್ಯಬೇಕು. ಹೀಗೆ ಕಳಿಸಿದವರಿಗೆ, ಅವರು ಒಪ್ಪಿ ನಂಬರು ಕೊಟ್ಟಿದ್ದರೆ, ಮೂರನೆಯ ದಿನ ಒಂದು ಫೋನು. ಫೋನು ಮಾಡಬೇಕಾದವಳು ನಾಗಮ್ಮಾಳ್.

ಕೊನೆಗೆ ಬೀಗ. ನಾಗಮ್ಮಾಳ್ ಜಗಲಿಯಲ್ಲಿ ಕಾಯಿಲೆಯ ವಿಷಯವಾಗಿ ಮೂರೇ ಮಾತು ಆಡಬಹುದು. 'ಡಾಕ್ಟರು ನೋಡಿ ಹೇಳುತ್ತಾರೆ.' 'ನಿಮ್ಮ ಸರದಿಗೆ ಇಷ್ಟು ಹೊತ್ತಾಗುತ್ತದೆ.' ಮೂರನೆಯದು ಎದೆನೋವು, ಉಸಿರುಗಟ್ಟು, ಕಪ್ಪಾದ ಗಾಯ ಕಂಡವರಿಗೆ: 'ಚೀಟಿ ಬೇಡ, ಈಗಲೇ ಒಳಗೆ ಬಾ.'

"ಕೈರಾಸಿ ಅನ್ನಬೌದಾ?"

"ಕೂಡಾದು ಅತ್ತೆ."

"ಬೆಟ್ಟ?"

"ಬೆಟ್ಟ ಬೇಡವೇ ಬೇಡ."

ಮೊದಲ ವಾರ ನಾಗಮ್ಮಾಳ್ ಪಟ್ಟ ಪಾಡು ಹೆರಿಗೆಯಲ್ಲೂ ಪಟ್ಟಿರಲಿಲ್ಲ. ಮಾತು ಗಂಟಲಿಗೆ ಬಂದು, ಹಲ್ಲಿಗೆ ಬಡಿದು, ಮತ್ತೆ ಹೊಟ್ಟೆಗಿಳಿಯುತ್ತಿತ್ತು. ಒಬ್ಬ ಕೆಮ್ಮಿದರೆ ಅವಳ ತುಟಿ ತಾನಾಗಿ 'ಒಂದೇ ಊ' ಎಂದು ಚೂಪಾಗುತ್ತಿತ್ತು. "ಏನಾತು ಅಕ್ಕಾ, ಹಲ್ಲು ನೋವಾ? ನಮ್ಮ ಡಾಕ್ಟರಿಗೆ ತೋರಿಸು, ಒಂದೇ ಊಸಿ" ಎಂದು ಜನ ಅವಳಿಗೇ ಹೇಳಿದರು.

ಸುಮ್ಮನೆ ಕೂರಲಾರದ ನಾಲಿಗೆ ಬೇರೆ ದಾರಿ ಹುಡುಕಿತು. ಬೋರ್ಡು ಬರೆಯುವ ಮಾದವನ್ ಹೊರಗಿನ ಹಳೆಯ ಬೋರ್ಡಿಗೆ ಹೊಸ ಬಣ್ಣ ಹೊಡೆಯಲು ಬಂದಿದ್ದ. ಸತ್ಯಾ ದಿಂಡಿಗಲ್ಲಿನಲ್ಲಿದ್ದಳು, ಡಾಕ್ಟರು ಒಳಗಿದ್ದರು. ನಾಗಮ್ಮಾಳ್‌ಗೆ ಒಂದು ಮಿಂಚು ಹೊಳೆಯಿತು. ಊರು ಕರೆಯುವ ಹೆಸರೇ ಸೊತ್ತು ಎಂದಮೇಲೆ ಅದು ಬೋರ್ಡಿನಲ್ಲಿ ಇರಬೇಡವೇ?

"ಮಾದವಾ, ಮೇಲೆ ದಪ್ಪಗೆ 'ಗೊತ್ತಿಲ್ಲ ಡಾಕ್ಟರ್' ಅಂತ ಹಾಕ್ಬುಡು. ನಮ್ಮ ಕನ್ನಡದಾಗೇ ಇರ್ಲಿ. ಅಕ್ಷರ ತಮಿಳು."

ಬೇರೆ ಅಕ್ಷರ ಅವಳಿಗೂ ಗೊತ್ತಿರಲಿಲ್ಲ. ಆ ಕಣಿವೆಯ ಕನ್ನಡದವರು ನೂರಾರು ವರ್ಷದಿಂದ ಕನ್ನಡ ಆಡುತ್ತಾರೆ. ಬರೆಯುವುದು, ಓದುವುದು ಎಲ್ಲ ತಮಿಳು. ಮಾದವನ್ ಅಪ್ಪಟ ತಮಿಳಿನವನು, ಹೇಳಿದ್ದನ್ನು ಬರೆಯುವವನು. ಬರೆದ. ಆದರೆ ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ, ಪದದ ಮೊದಲಲ್ಲಿ ಬಂದರೆ ಓದುವವರು ಕ ಎಂದೇ ಓದುತ್ತಾರೆ. ಕೆಂಪು ಬಣ್ಣದಲ್ಲಿ, ಒಂದಡಿ ಎತ್ತರದಲ್ಲಿ, ರಸ್ತೆಗೆ ಕಂಡದ್ದು: ಕೊತ್ತಿಲ್ಲ.

ಕೊತ್ತು ಅಂದರೆ ತಮಿಳರಿಗೆ ಕೊತ್ತು ಪರೋಟಾ, ಕಾವಲಿಯ ಮೇಲೆ ಕೊಚ್ಚಿ ಹುರಿದದ್ದು. ಒಡ್ಡನ್‌ಛತ್ರಂ ಮಾರುಕಟ್ಟೆಗೆ ತರಕಾರಿ ಹೊತ್ತ ಲಾರಿಗಳು ಸಂಜೆ ಆ ರಸ್ತೆಯಲ್ಲೇ ಹೋಗುವುದು. ಮೊದಲ ಲಾರಿ ನಿಂತಿತು. ಡ್ರೈವರು ತಲೆ ಹೊರಗೆ ಹಾಕಿ ತಮಿಳಿನಲ್ಲಿ ಕೇಳಿದ: "ಅಕ್ಕಾ, ಕೊತ್ತು ಇಲ್ಲ ಸರಿ. ಸಾದಾ ಪರೋಟಾ ಆದ್ರೂ ಉಂಟಾ?"

ನಾಗಮ್ಮಾಳ್‌ಗೆ ಅರ್ಥವಾಗಲಿಲ್ಲ. ಎರಡನೆಯವನು ಬಂದು ಬೆಂಚಿನ ಮೇಲೆ ಕೂತು ನೀರು ಕೇಳಿದ. ಮೂರನೆಯವನು ಬೋರ್ಡು ಪೂರ್ತಿ ಓದಿ, "ಪರೋಟಾಕ್ಕೆ ಡಾಕ್ಟರ್ ಯಾಕೆ?" ಎಂದು ಚಿಂತೆಗೆ ಬಿದ್ದ. ಎದುರಿನವರ ಕಾಂಪೌಂಡರು ಬಂದು ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ಹೋದ. ಮಾರನೆಯ ಬೆಳಗ್ಗೆ ಇಡೀ ಕೊಂಬೈ ಅದನ್ನು ನೋಡಿ ನಕ್ಕಾಗಿತ್ತು.

ಸತ್ಯಾ ಮೊದಲ ಬಸ್ಸಿಗೇ ಓಡಿಬಂದಳು. "ಅತ್ತೆ! ಬೋರ್ಡಲ್ಲಿ ಹೆಸರು, ಡಿಗ್ರಿ, ನಂಬರ್ ಅಂತ ಸೊನ್ನೇನಲ್ಲ! ಜನ ಕರೆಯೋದು ಜನರ ಬಾಯಲ್ಲಿ ಇರ್ಬೇಕು. ನಾವೇ ಬರೆದ್ರೆ ಅದೂ ಜಂಬವೇ."

ನಾಗಮ್ಮಾಳ್ ತಲೆ ತಗ್ಗಿಸಿ ನಿಂತಳು. ಅವಳು ತಲೆ ತಗ್ಗಿಸಿದ್ದನ್ನು ಊರು ಕಂಡದ್ದು ಅದೇ ಮೊದಲು. ಡಾಕ್ಟರು ಮಾತ್ರ ರಸ್ತೆಯ ಆ ಬದಿಗೆ ಹೋಗಿ ಬೋರ್ಡು ಓದಿ, ಹೊಟ್ಟೆ ಹಿಡಿದು ನಕ್ಕರು. ನಕ್ಕು ಮುಗಿಸಿ, "ಅಳಿಸಿ ಬಿಡು ಮಾದವಾ" ಎಂದರು. ಅವತ್ತು ಚೀಟಿ ಹದಿನೆಂಟು.

ತೈ ತಿಂಗಳಿಗೆ ಇನ್ನು ಮೂರು ವಾರ ಉಳಿದಿತ್ತು. ಆಗ ಬಂದ ಅಯ್ಯನಾರ್.

ಅಯ್ಯನಾರ್ ಅಂದರೆ ತರಕಾರಿ ದಲ್ಲಾಳಿ. ಅವನ ಲಾರಿಗೆ ಬದನೆ, ಟೊಮೇಟೊ ಹಾಕುವ ಮೂವತ್ತು ಮನೆಗಳು ಅವನು ಹೇಳಿದ ಕಡೆ ಓಟು ಹಾಕುತ್ತವೆ, ಅವನು ಹೋದ ಡಾಕ್ಟರ ಹತ್ತಿರ ಹೋಗುತ್ತವೆ. ಎದುರಿನ ಆಸ್ಪತ್ರೆಗೆ ಮೊದಲು ಹೋದವನೂ, ಟೀ ಅಂಗಡಿಯಲ್ಲಿ ಅದರ ಗುಣಗಾನ ಮಾಡಿದವನೂ ಅವನೇ. ಅಂಥವನು ಮಧ್ಯಾಹ್ನ ಎರಡು ಗಂಟೆಗೆ, ಜಗಲಿಯಲ್ಲಿ ಯಾರೂ ಇಲ್ಲದ ಹೊತ್ತಿಗೆ, ತಲೆಗೆ ಟವಲು ಮುಚ್ಚಿಕೊಂಡು ಹಿತ್ತಲಿನಿಂದ ಬಂದ. ಬಲಗಾಲಿಗೆ ಬಟ್ಟೆ ಸುತ್ತಿತ್ತು.

"ಏನ್ಲಾ ಅಯ್ಯನಾರೂ, ಕೋಳಿ ಕದಿಯಾಕೆ ಬಂದ್ಯಾ?"

"ಮೆಲ್ಲಗೆ ಅಕ್ಕಾ." ಅವನು ಬೆಂಚಿನ ತುದಿಗೆ ಕೂತ. "ಏನಿಲ್ಲ, ಮುಳ್ಳು. ಚುಚ್ಚಿದ್ದೇ ತಿಳೀಲಿಲ್ಲ. ನಾತ ಹೊಡೀತು, ಆಗ ನೋಡ್ಕಂಡೆ. ಅಲ್ಲಿ ಮಾತ್ರೆ ನಿಲ್ಸು ಅಂದ್ರು, ಪುಡಿ ಕೊಟ್ರು. ಮೂರು ತಿಂಗಳು. ಸಕ್ಕರೆ ಬೇರು ಕಿತ್ತಾತು ಅಂದ್ರು." ಆಮೇಲೆ ಅವಳ ಕಡೆ ಬಾಗಿದ. "ಅಕ್ಕಾ, ನೀ ಹೇಳು. ಮೂರು ದಿನದಾಗ ಆರ್ತದ ತಾನೆ? ನಿನ್ನ ಬಾಯಿಂದ ಒಂದು ಮಾತು ಬಂದ್ರ ಸಾಕು, ನಾನು ಇಲ್ಲೇ ತೋರಿಸ್ಕಂತೀನಿ. ನಮ್ಮೋರನ್ನೂ ಕರ್ಕಂಬತ್ತೀನಿ."

ನಾಗಮ್ಮಾಳ್ ಲೆಕ್ಕ ಹಾಕಿದಳು. ಮೂವತ್ತು ಮನೆ. ಮನೆಗೆ ಐದು ಜನ. ಒಂದು ಮಾತು, ಅದೂ ಅವಳು ಸಾವಿರ ಸಲ ಆಡಿದ ಮಾತು. ಮೂರು ದಿನ ಬೇಡಾ ಅಯ್ಯನಾರೂ, ಎರಡೇ ದಿನ ಎಂದರೆ ಮುಗಿಯಿತು, ಕುರ್ಚಿ ಉಳಿಯಿತು. ಸತ್ಯಾ ದಿಂಡಿಗಲ್ಲಿನಲ್ಲಿ. ಕೇಳುವವರು ಯಾರೂ ಇಲ್ಲ.

ಅವಳು ಬಾಯಿ ತೆರೆಯುವ ಮೊದಲು ಬಟ್ಟೆ ಸರಿಸಿ ನೋಡಿದಳು. ಕಿರುಬೆರಳು ಸುಟ್ಟ ಬದನೆಯ ಬಣ್ಣಕ್ಕೆ ತಿರುಗಿತ್ತು.

"ಆರ್ತದ ಇಲ್ವಾ ಗೊತ್ತಿಲ್ಲ" ಎಂದಳು.

ಅಯ್ಯನಾರ್ ಅವಳನ್ನು ನೋಡಿದ ರೀತಿ, ಗುಡಿಯ ಪೂಜಾರಿಯೇ ದೇವರಿಲ್ಲ ಅಂದಹಾಗೆ. "ಅಡೇಯಪ್ಪಾ! ನಿನ್ನ ಬಾಯಾಗೂ ಅದೇನಾ? ಹಂಗಾದ್ರ ಇಲ್ಲಿ ಏನ್ ಕೆಲಸ ನಂಗೆ?" ಎದ್ದ.

ನಾಗಮ್ಮಾಳ್ ಅವನ ಟವಲು ಹಿಡಿದು ಎಳೆದಳು. "ಚೀಟಿ ಬೇಡ, ಈಗ್ಲೇ ಒಳಗೆ ಬಾ! ಬಾರಲಾ ಅಂದ್ರೆ!" ಆ ಮಾತಿಗೆ ಸತ್ಯಾ ಬರೆದುಕೊಟ್ಟ ಮೃದುತನ ಒಂದಿಷ್ಟೂ ಇರಲಿಲ್ಲ. ಅರವತ್ತು ಕೆ.ಜಿ. ದಲ್ಲಾಳಿಯನ್ನು ಅವಳು ಕರು ಎಳೆದಂತೆ ಎಳೆದುಕೊಂಡು ಹೋಗಿ ಡಾಕ್ಟರ ಮುಂದೆ ನಿಲ್ಲಿಸಿದಳು.

ಡಾಕ್ಟರು ಸಕ್ಕರೆ ನೋಡಿದರು: ಮುನ್ನೂರ ತೊಂಬತ್ತು. ಜ್ವರ ನೋಡಿದರು, ಪಾದದ ನಾಡಿ ಹುಡುಕಿದರು, ಗಾಯ ತೊಳೆದು ಸಡಿಲವಾಗಿ ಕಟ್ಟಿದರು.

"ಬೆರಳು ಉಳೀತದಾ ಸಾರ್?"

"ಗೊತ್ತಿಲ್ಲ. ಇಲ್ಲಿ ಇಟ್ಕೊಂಡು ನೋಡೋ ಗಾಯ ಅಲ್ಲ ಅನ್ನೋದು ಗೊತ್ತು. ಇವತ್ತೇ ತೇನಿಗೆ ಹೋಗಿ ಅಡ್ಮಿಟ್ ಆಗು. ನಾಳೆ ಅನ್ನಬೇಡ." ಅಚ್ಚಿನ ಕಾಗದ ತುಂಬಿಸಿ ಓದಿ ಹೇಳಿದರು. ನಾಗಮ್ಮಾಳ್ ಅವನ ಹೆಂಡತಿ ಸುಬ್ಬುಲಕ್ಷ್ಮಿಗೆ ಫೋನು ಮಾಡಿ ಕರೆಸಿ, ಹಳೆಯ ಮಾತ್ರೆ ಚೀಟಿ, ಆ ಪುಡಿಯ ಡಬ್ಬಿ ಎರಡನ್ನೂ ಚೀಲಕ್ಕೆ ಹಾಕಿಸಿ, ಆಟೋ ಹತ್ತಿಸಿದಳು.

ಮೂರನೆಯ ದಿನ ಅವಳು ಅಯ್ಯನಾರ್‌ಗೆ ಫೋನು ಹಚ್ಚಿದಳು. ಬೈಗುಳ ಬರುತ್ತದೆ ಎಂದುಕೊಂಡಳು. ಬಂತು ಕೂಡ.

"ಕಿರುಬೆರಳು ತೆಗೆದ್ರು ಕಣಕ್ಕಾ, ಆ ಪುಡಿಯೋನ ಮನೆ ಹಾಳಾಗ! ಪಾದ ಉಳೀತು. ಇನ್ನೊಂದು ವಾರ ಬಿಟ್ಟಿದ್ರ ಏನಾಗ್ತಿತ್ತೋ ಅಂದ್ರು. ಅಲ್ಲ, ನೀ ಯಾಕ ಫೋನ್ ಮಾಡ್ದೆ? ಏನಾರಾ ಬೇಕಾ?"

"ಏನೂ ಬೇಡ. ಹೆಂಗಿದಿ ಅಂತ ಕೇಳಾಕೆ."

ಅಯ್ಯನಾರ್ ಗಂಟಲು ವಾರ್ಡಿಗೆಲ್ಲ ಕೇಳುವಂತೆ ಏರಿತು: "ಏಯ್ ಕೇಳ್ರಪ್ಪಾ, ನಮ್ಮೂರ ಆಸ್ಪತ್ರೆಯಿಂದ ಫೋನು! ಸುಮ್ನೆ! ಸುಮ್ಮಸುಮ್ನೆ!"

ಹತ್ತು ದಿನದ ಮೇಲೆ ಊರಿಗೆ ಬಂದವನು ನೇರ ಮುಂಬಾಗಿಲಿನಿಂದಲೇ ಬಂದ, ಊರುಗೋಲು ಕುಟ್ಟುತ್ತ, ಜಗಲಿ ತುಂಬಿದ್ದಾಗ. ಸತ್ಯಾಳೂ ಇದ್ದಳು. ಅವನಿಗೊಂದು ಯೋಜನೆ ಹೊಳೆದಿತ್ತು. ತನ್ನ ಪಾದದ ಫೋಟೋ ಹಾಕಿ ಒಂದು ಫ್ಲೆಕ್ಸ್. ಆರಡಿ. ಎದುರಿನವರ ಫ್ಲೆಕ್ಸ್ ಪಕ್ಕದಲ್ಲೇ. "ಕೆಳಗೆ ಬರೀರಿ: ಈ ಕಾಲನ್ನ ಉಳಿಸಿದ್ದು ಬಾಲಮುರುಗನ್ ಡಾಕ್ಟರ್ ಅಂತ. ಕಾಸು ನಂದು."

"ಕೂಡಾದು ಮಾಮಾ" ಎಂದಳು ಸತ್ಯಾ. "ರೋಗಿಯ ಕಾಲು ಜಾಹೀರಾತಿಗೆ ಹಾಕೋ ಹಾಗಿಲ್ಲ. ಪೆರಿಯಪ್ಪ ಉಳಿಸಿದ್ದೂ ಅಲ್ಲ, ಸರಿಯಾದ ಹೊತ್ತಿಗೆ ಕಳಿಸಿದ್ದು."

"ನನ್ನ ಕಾಲು! ನಾನು ಕೊಡ್ತೀನಿ!"

"ನಿಮ್ಮ ಕಾಲು ನಿಮ್ಮ ಹತ್ರವೇ ಇರಲಿ."

"ಆರಡಿ ಬ್ಯಾಡ, ಮೂರಡಿ?"

ಬೆಂಚಿನಲ್ಲಿದ್ದ ಓಚ್ಚಮ್ಮಾಳ್, ಮೂಗಿಗೆ ಸೆರಗು ಹಿಡಿದು, "ನಿನ್ನ ಕಾಲು ನೋಡಿದ್ರ ಇರಾ ನಾಲ್ಕು ಜನಾನೂ ಓಡಿ ಹೋಗ್ತಾರೆ ಕುಂಡ್ರಲಾ" ಎಂದಳು. ಜಗಲಿ ನಕ್ಕಿತು. ಅಯ್ಯನಾರ್ ಮುನಿಸಿಕೊಂಡು ಟೀ ಅಂಗಡಿಗೆ ಹೋದ. ಅಲ್ಲಿ ಅವನ ಬಾಯಿಗೆ ಯಾವ ನಿಯಮವೂ ಇರಲಿಲ್ಲ.

ಚೀಟಿ ಮೂವತ್ತೊಂದಾಯಿತು, ನಲವತ್ತು ದಾಟಿತು, ತೈ ಹುಟ್ಟುವ ಹೊತ್ತಿಗೆ ನಲವತ್ತಾರು. ಅರವತ್ತು ಆಗಲಿಲ್ಲ. ಎದುರಿನವರ ಫ್ಲೆಕ್ಸ್ ಇನ್ನೂ ನಗುತ್ತಲೇ ಇತ್ತು, ಅಲ್ಲಿಗೂ ಜನ ಹೋಗುತ್ತಲೇ ಇದ್ದರು. ಸುಳ್ಳಿಗೆ ಗಿರಾಕಿ ಕಡಿಮೆಯಾದ ಊರನ್ನು ಯಾರೂ ಕಂಡಿಲ್ಲ.

ಪೊಂಗಲಿನ ಮೂರನೆಯ ದಿನ ಸತ್ಯಾ ಅಚ್ಚಿನ ಕಾಗದ ಮುಗಿದಿದೆಯೆಂದು ಲೆಕ್ಕ ಕೇಳಲು ಬಂದಳು. "ಪೆರಿಯಪ್ಪಾ, ಎಷ್ಟು ಅಚ್ಚು ಹಾಕಿಸಲಿ? ನೂರು ಸಾಕಾ?"

ಡಾಕ್ಟರು ರೋಗಿಯೊಬ್ಬನ ಬೆನ್ನಿಗೆ ಸ್ಟೆತಸ್ಕೋಪ್ ಒತ್ತಿಕೊಂಡೇ, "ಎರಡು ವರ್ಷಕ್ಕೆ ಬೇಕಾದಷ್ಟು ಹಾಕಿಸು. ಆಗಾಗ ಓಡಾಡೋದು ಯಾಕೆ" ಎಂದರು. ಆಮೇಲೆ, ಉಸಿರು ಎಳೆ ಎಂದು ಆ ರೋಗಿಗೆ ಹೇಳಿ, "ದಿಂಡಿಗಲ್ಲಿನವರಿಗೆ ನಿನ್ನೆ ಹೇಳಿಬಿಟ್ಟೆ, ಬರಲ್ಲ ಅಂತ" ಎಂದು ಸೇರಿಸಿದರು.

ಬಾಗಿಲಲ್ಲಿ ನಿಂತಿದ್ದ ನಾಗಮ್ಮಾಳ್‌ಗೆ ಅದು ಕೇಳಿಸಿತು. ಆಮೇಲೆ ಜಗಲಿಗೆ ಬಂದು ನೋಡಿದರೆ, ಯಾರೋ ಒಬ್ಬ ಕಾಲು ಚಾಚಿ ಅವಳ ಕಬ್ಬಿಣದ ಕುರ್ಚಿಯಲ್ಲಿ ಕೂತಿದ್ದ.

"ಏಳಲಾ ಮೇಲೆ!" ಎಂದು ಕೂಗಿದಳು. ಆ ಗಂಟಲಿಗೆ ಸಾಲಿನಲ್ಲಿದ್ದ ಆರು ಜನ ಎದ್ದು ನಿಂತರು.